ಬಾಡಿಗೆ ಕೊಡುತ್ತಿಲ್ಲ, ಮನೆ ಬಿಡುತ್ತಿಲ್ಲ: ಲಾಯರ್ ನೋಟಿಸಿನಲ್ಲಿ ಏನೇನಿರಬೇಕು?

ಮೊದಲ ತಿಂಗಳು ಬಾಡಿಗೆ ಹತ್ತು ದಿನ ತಡವಾಗುತ್ತದೆ. ಎರಡನೇ ತಿಂಗಳು ‘ಮುಂದಿನ ವಾರ ಹಾಕ್ತೀನಿ’ ಎಂಬ ಭರವಸೆ ಬರುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಫೋನ್ ಕರೆಗೆ ಉತ್ತರವಿಲ್ಲ, ಬಾಗಿಲು ತಟ್ಟಿದರೆ ‘ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ’ ಎಂಬ ಮಾತು. ಆಗ ಮಾಲೀಕರ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಒಂದು ಲಾಯರ್ ನೋಟಿಸ್ ಕೊಟ್ಟುಬಿಡಿ, ಹೆದರಿ ಬಿಟ್ಟುಹೋಗ್ತಾರೆ.’

ನೋಟಿಸು ಕಂಡೊಡನೆ ಮನೆ ಖಾಲಿ ಮಾಡುವವರು ಇದ್ದಾರೆ. ಖಾಲಿ ಮಾಡದವರ ವಿಷಯದಲ್ಲಿ ಆ ಕಾಗದಕ್ಕೆ ಬೇರೆಯೇ ಕೆಲಸವಿದೆ. ಮುಂದೆ ದಾವೆ ಹೂಡಿದಾಗ ನ್ಯಾಯಾಧೀಶರು ಅದನ್ನೇ ಮುಂದಿಟ್ಟುಕೊಂಡು ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ. ಇವರಿಬ್ಬರ ನಡುವೆ ಮಾಲೀಕ-ಬಾಡಿಗೆದಾರ ಸಂಬಂಧ ಇತ್ತೇ? ಆ ಸಂಬಂಧವನ್ನು ಕಾನೂನಿನ ಪ್ರಕಾರ ಕೊನೆಗೊಳಿಸಲಾಗಿದೆಯೇ? ಯಾವ ದಿನ? ಅದು ಬಾಡಿಗೆದಾರನಿಗೆ ತಲುಪಿತೇ? ಈ ಪ್ರಶ್ನೆಗಳಿಗೆ ಉತ್ತರ ಕೊಡದ ನೋಟಿಸು ಎಷ್ಟು ಖಾರವಾಗಿದ್ದರೂ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಮೊದಲು ಕಾಯ್ದೆ ಯಾವುದು?

ಕರ್ನಾಟಕದಲ್ಲಿ ನೋಟಿಸು ಬರೆಯಲು ಕೂರುವ ಮುನ್ನ ತೀರ್ಮಾನಿಸಬೇಕಾದದ್ದು ಇದು. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಎಂಬ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರ ರಕ್ಷಣೆ ಎಲ್ಲ ಬಾಡಿಗೆದಾರರಿಗೂ ಇಲ್ಲ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ಹೊರಗಿಟ್ಟಿದೆ. ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರಿಗಿಂತ ದೊಡ್ಡವೂ ಹೊರಗೆ. ಹೀಗಾಗಿ ಇಂದು ನಗರಗಳಲ್ಲಿ ಬಾಡಿಗೆಗೆ ಸಿಗುವ ಮನೆಗಳಲ್ಲಿ ಬಹುಪಾಲು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಈ ಎರಡು ಕಾಯ್ದೆಗಳು ನೋಟಿಸಿನಿಂದ ಬಯಸುವುದು ಬೇರೆ ಬೇರೆ. ಹಳೆಯ ವಠಾರದ ಸಣ್ಣ ಮನೆ, ಪೇಟೆಬೀದಿಯ ಪುಟ್ಟ ಅಂಗಡಿ ಮುಂತಾಗಿ ಬಾಡಿಗೆ ಅಧಿನಿಯಮದ ಒಳಗೆ ಬರುವ ಜಾಗಗಳಲ್ಲಿ ಮಾಲೀಕರು ಕಾರಣ ತೋರಿಸಲೇಬೇಕು. ಬಾಡಿಗೆ ಬಾಕಿಯೇ ಕಾರಣವಾದರೆ ಸೆಕ್ಷನ್ 27ರ ಪ್ರಕಾರ ಬಾಕಿ ಕೇಳಿ ಮೊದಲು ಬೇಡಿಕೆ ನೋಟಿಸು ಕೊಡಬೇಕು. ಅದು ತಲುಪಿದ ಎರಡು ತಿಂಗಳೊಳಗೆ ಬಾಡಿಗೆದಾರ ಪೂರ್ತಿ ಬಾಕಿ ಕಟ್ಟಿದರೆ ಆ ಕಾರಣವೇ ಉಳಿಯುವುದಿಲ್ಲ.

ಆಸ್ತಿ ವರ್ಗಾವಣೆ ಕಾಯ್ದೆಯ ದಾರಿ ಬೇರೆ. ಅದರ ಸೆಕ್ಷನ್ 106ರ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ವಾಸದ ಮನೆ ಅಥವಾ ಅಂಗಡಿಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುವಂಥದ್ದು. ಮಾಲೀಕರಾಗಲಿ ಬಾಡಿಗೆದಾರರಾಗಲಿ 15 ದಿನಗಳ ನೋಟಿಸು ಕೊಟ್ಟು ಅದನ್ನು ಕೊನೆಗೊಳಿಸಬಹುದು. ಜಾಗವನ್ನು ಕೃಷಿಗೆ ಅಥವಾ ಸರಕು ತಯಾರಿಕೆಗೆ ಕೊಟ್ಟಿದ್ದರೆ ಮಾತ್ರ ಆರು ತಿಂಗಳ ನೋಟಿಸು ಬೇಕು. ಈ ಸೆಕ್ಷನ್ನಿನಲ್ಲಿ ಗಮನಿಸಬೇಕಾದ ಅಂಶವೆಂದರೆ, ಬಾಡಿಗೆ ಕೊನೆಗೊಳಿಸಲು ಕಾರಣ ಹೇಳಬೇಕೆಂದು ಅದು ಕೇಳುವುದೇ ಇಲ್ಲ. ನೋಟಿಸಿನ ಇಡೀ ರಚನೆ ಈ ಒಂದು ಅಂಶದ ಮೇಲೆ ನಿಂತಿದೆ.

ಒಂದು ಉದಾಹರಣೆ

ಮೈಸೂರಿನ ಬಡಾವಣೆಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಎರಡಂತಸ್ತಿನ ಮನೆ ಇದೆ ಎಂದು ಇಟ್ಟುಕೊಳ್ಳೋಣ. ಮೊದಲ ಮಹಡಿಯನ್ನು 2024ರ ಜೂನ್ 1ರಿಂದ 11 ತಿಂಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಬಾಡಿಗೆ ತಿಂಗಳಿಗೆ 18,000 ರೂಪಾಯಿ, ಆಯಾ ತಿಂಗಳ 5ರೊಳಗೆ ಕೊಡಬೇಕು. ಅಡ್ವಾನ್ಸ್ 1,50,000 ರೂಪಾಯಿ. ಕರಾರಿನ ಅವಧಿ 2025ರ ಏಪ್ರಿಲ್ 30ಕ್ಕೆ ಮುಗಿಯಿತು. ಹೊಸ ಕರಾರು ಬರೆಯಲಿಲ್ಲ. ಬಾಡಿಗೆದಾರರು ಅಲ್ಲೇ ಉಳಿದರು, ಸೆಪ್ಟೆಂಬರ್‌ವರೆಗೆ ಬಾಡಿಗೆಯನ್ನೂ ಕೊಟ್ಟರು. ಅಕ್ಟೋಬರ್‌ನಿಂದ ನಿಲ್ಲಿಸಿದರು. ನಡುವೆ ನವೆಂಬರ್‌ನಲ್ಲಿ ಒಮ್ಮೆ ಯುಪಿಐ ಮೂಲಕ 5,000 ರೂಪಾಯಿ ಕಳಿಸಿದ್ದು ಬಿಟ್ಟರೆ ಬೇರೇನೂ ಬಂದಿಲ್ಲ. 2026ರ ಫೆಬ್ರುವರಿ 10ರಂದು ನೋಟಿಸು ಕಳಿಸಲು ಮಾಲಕಿ ತೀರ್ಮಾನಿಸಿದ್ದಾರೆ.

ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಬಂದರೆ ಸೆಕ್ಷನ್ 116ರ ಪ್ರಕಾರ ಬಾಡಿಗೆ ಮುಂದುವರಿದಂತೆ. ವಾಸದ ಮನೆಯಾದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಆದ್ದರಿಂದ ‘ಅಗ್ರಿಮೆಂಟ್ ಮುಗಿದಿದೆ, ನೋಟಿಸು ಯಾಕೆ ಬೇಕು?’ ಎಂದು ಕೇಳುವ ಮಾಲೀಕರು ಎಚ್ಚರ ವಹಿಸಬೇಕು. ಐದು ತಿಂಗಳು ಬಾಡಿಗೆ ಪಡೆದ ಈ ಮಾಲಕಿಗೆ ನೋಟಿಸು ಬೇಕೇ ಬೇಕು.

ಆರಂಭದ ಪ್ಯಾರಾಗಳು

ನೋಟಿಸನ್ನು ವಕೀಲರೇ ಕೊಡಬೇಕೆಂಬ ನಿಯಮವಿಲ್ಲ. ಅದು ಲಿಖಿತವಾಗಿರಬೇಕು, ಕೊಡುವವರು ಅಥವಾ ಅವರ ಪರವಾಗಿ ಇನ್ನೊಬ್ಬರು ಸಹಿ ಮಾಡಿರಬೇಕು, ಕಾಯ್ದೆ ಕೇಳುವುದು ಇಷ್ಟೇ. ವಕೀಲರು ಬರೆದರೆ ‘ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ’ ಎಂದು ಶುರುವಾಗುತ್ತದೆ. ಮಾಲೀಕರೇ ಬರೆದರೆ ‘ನಾನು’ ಎಂದಿರುತ್ತದೆ.

ಮೇಲ್ಭಾಗದಲ್ಲಿ ದಿನಾಂಕ, ಕಳಿಸುವ ವಿಧಾನ, ಬಾಡಿಗೆದಾರರ ಪೂರ್ತಿ ಹೆಸರು ಮತ್ತು ವಿಳಾಸ ಬರಬೇಕು. ಕರಾರಿಗೆ ಗಂಡ-ಹೆಂಡತಿ ಇಬ್ಬರೂ ಸಹಿ ಮಾಡಿದ್ದರೆ ಇಬ್ಬರ ಹೆಸರಿಗೂ ನೋಟಿಸು ಹೋಗಬೇಕು. ಕರಾರಿನಲ್ಲಿ ಊರಿನ ಕಾಯಂ ವಿಳಾಸ ಕೊಟ್ಟಿದ್ದರೆ ಅಲ್ಲಿಗೂ ಒಂದು ಪ್ರತಿ ಕಳಿಸುವುದು ಜಾಣತನ. ಅಂಗಡಿಯನ್ನು ಪಾಲುದಾರಿಕೆ ಸಂಸ್ಥೆಗೆ ಕೊಟ್ಟಿದ್ದರೆ ನೋಟಿಸು ಸಂಸ್ಥೆಯ ಹೆಸರಿಗೆ ಹೋಗಬೇಕು. ಗಲ್ಲಾಪೆಟ್ಟಿಗೆಯ ಮುಂದೆ ಕೂತವರ ಹೆಸರಿಗೆ ಮಾತ್ರ ಕಳಿಸಿದರೆ, ‘ಬಾಡಿಗೆದಾರ ನಾನಲ್ಲ’ ಎಂಬ ಉತ್ತರಕ್ಕೆ ದಾರಿ ಮಾಡಿಕೊಟ್ಟಂತೆ.

ನೋಟಿಸಿನ ಮೊದಲ ಪ್ಯಾರಾ ಮಾಲೀಕತ್ವದ್ದು. ಷೆಡ್ಯೂಲಿನಲ್ಲಿ ವಿವರಿಸಿದ ಸ್ವತ್ತಿಗೆ ಮಾಲಕಿ ತಾನು ಎಂದು ಒಂದೇ ವಾಕ್ಯದಲ್ಲಿ ಹೇಳಿದರೆ ಸಾಕು, ಕ್ರಯಪತ್ರದ ಚರಿತ್ರೆ ಬೇಕಿಲ್ಲ. ಎರಡನೆಯದು ಬಾಡಿಗೆಯ ಸಂಬಂಧದ್ದು. ಕರಾರಿನ ದಿನಾಂಕ, ಬಾಡಿಗೆ, ಕೊಡಬೇಕಾದ ದಿನ, ಅಡ್ವಾನ್ಸ್, ಅವಧಿ ಮುಗಿದ ದಿನ, ಆಮೇಲೂ ತಿಂಗಳ ಬಾಡಿಗೆದಾರರಾಗಿ ಮುಂದುವರಿದ ಸಂಗತಿ, ಇವೆಲ್ಲ ಇಲ್ಲಿ ಬರುತ್ತವೆ. ಬಾಯಿಮಾತಿನ ಬಾಡಿಗೆಯಾಗಿದ್ದರೆ ಅದನ್ನೇ ಹೇಳಿ, ಬ್ಯಾಂಕ್ ಖಾತೆಗೆ ತಿಂಗಳು ತಿಂಗಳು ಹಣ ಬಂದದ್ದನ್ನು ನಮೂದಿಸಬೇಕು. ಕರಾರು ಪತ್ರವಿಲ್ಲದ ಕಡೆ ಸಂಬಂಧವನ್ನು ಸಾಬೀತು ಮಾಡಲು ನೆರವಾಗುವುದು ಆ ದಾಖಲೆಯೇ.

ನೋಟಿಸಿನ ಕೊನೆಗೆ ಬರುವ ಷೆಡ್ಯೂಲಿನಲ್ಲಿ ಮನೆಯ ಸಂಖ್ಯೆ, ರಸ್ತೆ, ಬಡಾವಣೆ, ಮಹಡಿ, ಕೋಣೆಗಳ ವಿವರ, ಜೊತೆಗೆ ಕೊಟ್ಟ ಪಾರ್ಕಿಂಗ್ ಜಾಗ ಮತ್ತು ನಾಲ್ಕು ದಿಕ್ಕಿನ ಚಕ್ಕುಬಂದಿ ಇರಬೇಕು. ನಮ್ಮ ಉದಾಹರಣೆಯಲ್ಲಿ ಬರೀ ಮನೆಯ ಸಂಖ್ಯೆ ಬರೆದರೆ ಸಾಲದು. ಕೆಳಗಿನ ಅಂತಸ್ತಿನಲ್ಲಿ ಮಾಲಕಿಯೇ ವಾಸವಾಗಿದ್ದಾರೆ, ಎರಡಕ್ಕೂ ಸಂಖ್ಯೆ ಒಂದೇ. ಬಿಡಿಸಿಕೊಳ್ಳಬೇಕಾದ ಜಾಗ ಯಾವುದೆಂದು ಷೆಡ್ಯೂಲಿನಿಂದಲೇ ತಿಳಿಯುವಂತಿರಬೇಕು. ಮುಂದೆ ದಾವೆಯಲ್ಲಿ, ಡಿಕ್ರಿಯಲ್ಲಿ, ಕೊನೆಗೆ ಸ್ವಾಧೀನ ಕೊಡಿಸಲು ಬರುವ ನ್ಯಾಯಾಲಯದ ಅಮೀನರ ಕೈಯಲ್ಲಿ ಇರುವುದೂ ಇದೇ ಷೆಡ್ಯೂಲು.

ಬಾಕಿಯ ಲೆಕ್ಕ

ಮೂರನೇ ಪ್ಯಾರಾದಲ್ಲಿ ಬಾಕಿ ಬರುತ್ತದೆ. ‘ಹಲವು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ’ ಎಂದು ಬರೆದರೆ ಉಪಯೋಗವಿಲ್ಲ. 2025ರ ಅಕ್ಟೋಬರ್‌ನಿಂದ 2026ರ ಫೆಬ್ರುವರಿವರೆಗೆ ಐದು ತಿಂಗಳು, ತಿಂಗಳಿಗೆ 18,000ದಂತೆ 90,000 ರೂಪಾಯಿ. ಅದರಲ್ಲಿ ನವೆಂಬರ್‌ನಲ್ಲಿ ಬಂದ 5,000 ಕಳೆದರೆ ಉಳಿಯುವುದು 85,000 ರೂಪಾಯಿ. ಹೀಗೆ ತಿಂಗಳುವಾರು ಬರೆಯಬೇಕು.

ಆ 5,000 ರೂಪಾಯಿಯನ್ನು ಮರೆಯುವ ಮಾಲೀಕರು ಎಷ್ಟೋ ಮಂದಿ. ಮರೆತರೆ ಬಾಡಿಗೆದಾರರ ವಕೀಲರು ಪಾಟೀಸವಾಲಿನಲ್ಲಿ ಮೊದಲು ಎತ್ತುವುದು ಅದನ್ನೇ. ಮೊತ್ತ ಸಣ್ಣದಿರಬಹುದು, ಆದರೆ ಮಾಲೀಕರ ಉಳಿದ ಲೆಕ್ಕದ ಮೇಲೂ ಅನುಮಾನ ಬೀಳುತ್ತದೆ. ನಗದಾಗಿ ಪಡೆದ ಹಣಕ್ಕೂ ಇದು ಅನ್ವಯಿಸುತ್ತದೆ. ನೋಟಿಸು ಬರೆಯುವ ಮುನ್ನ ಪಾಸ್‌ಬುಕ್ಕು, ಯುಪಿಐ ದಾಖಲೆ, ಕೈಬರಹದ ರಸೀದಿ ಎಲ್ಲವನ್ನೂ ಒಮ್ಮೆ ತಾಳೆ ನೋಡಬೇಕು.

ಇನ್ನೊಂದು ಮಿತಿ ಕಾಲದ್ದು. ಬಾಕಿ ಬಾಡಿಗೆಯ ವಸೂಲಿಗೆ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ಪ್ರತಿ ತಿಂಗಳ ಬಾಡಿಗೆಗೂ ಅದು ಬಾಕಿಯಾದ ದಿನದಿಂದ ಈ ಮೂರು ವರ್ಷದ ಎಣಿಕೆ ಬೇರೆ ಬೇರೆಯಾಗಿ ಶುರುವಾಗುತ್ತದೆ. ನೋಟಿಸು ಕಳಿಸಿದ್ದರಿಂದ ಈ ಗಡಿಯಾರ ನಿಲ್ಲುವುದಿಲ್ಲ. ಐದು ವರ್ಷದ ಬಾಕಿಯನ್ನು ನೋಟಿಸಿನಲ್ಲಿ ಬರೆಯಬಹುದು, ಆದರೆ ನ್ಯಾಯಾಲಯದ ಮೂಲಕ ಎಲ್ಲವನ್ನೂ ಪಡೆಯಲಾಗದು.

ಕೇಳುವುದೂ ಕೊನೆಗೊಳಿಸುವುದೂ ಬೇರೆ ಬೇರೆ

ನೋಟಿಸಿನ ಜೀವಾಳವಾದ ಎರಡು ಪ್ಯಾರಾಗಳು ಇಲ್ಲಿಂದ ಮುಂದೆ ಬರುತ್ತವೆ. ತಪ್ಪುಗಳು ಹೆಚ್ಚಾಗಿ ಆಗುವುದೂ ಇಲ್ಲೇ. ಕೋಪದಲ್ಲಿ ಬರೆದ ನೋಟಿಸುಗಳಲ್ಲಿ ಇಂಥದೊಂದು ವಾಕ್ಯ ಇರುತ್ತದೆ: ‘ಹದಿನೈದು ದಿನದೊಳಗೆ ಬಾಕಿ ಕಟ್ಟಿ, ಇಲ್ಲವೇ ಮನೆ ಖಾಲಿ ಮಾಡಿ.’ ಓದುವುದಕ್ಕೆ ಇದು ಗಟ್ಟಿಯಾಗಿದೆ. ಕಾನೂನಿನ ಕಣ್ಣಿಗೆ ಇದರ ಅರ್ಥ, ಬಾಕಿ ಕಟ್ಟಿದರೆ ಮನೆಯಲ್ಲಿ ಇರಬಹುದು ಎಂದು. ಹದಿನಾಲ್ಕನೇ ದಿನ ಬಾಡಿಗೆದಾರರು 85,000 ರೂಪಾಯಿ ಕಳಿಸಿದರೆ ಮಾಲಕಿಯ ಕೈಯಲ್ಲಿ ಏನು ಉಳಿಯಿತು? ಬಾಡಿಗೆ ಕೊನೆಗೊಂಡಿತೇ ಇಲ್ಲವೇ ಎಂಬುದೇ ಅಸ್ಪಷ್ಟ. ಮುಂದಿನ ತಿಂಗಳಿಂದ ಮತ್ತೆ ಬಾಡಿಗೆ ನಿಂತರೆ ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕು.

ಆದ್ದರಿಂದ ಅನುಭವಿ ವಕೀಲರು ಎರಡನ್ನೂ ಬಿಡಿಸಿ ಬರೆಯುತ್ತಾರೆ. ಒಂದು ಪ್ಯಾರಾದಲ್ಲಿ ಹಣದ ಬೇಡಿಕೆ: ‘ಮೇಲೆ ವಿವರಿಸಿದ 85,000 ರೂಪಾಯಿ ಬಾಕಿಯನ್ನು ಈ ನೋಟಿಸು ತಲುಪಿದ 15 ದಿನಗಳೊಳಗೆ ಪಾವತಿಸತಕ್ಕದ್ದು.’ ಬೇರೊಂದು ಪ್ಯಾರಾದಲ್ಲಿ, ಯಾವ ‘ಇಲ್ಲವೇ’, ‘ಆದರೆ’ಗಳೂ ಇಲ್ಲದೆ, ಬಾಡಿಗೆಯ ಮುಕ್ತಾಯ: ‘ನಿಮ್ಮ ತಿಂಗಳ ಬಾಡಿಗೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 106ರ ಪ್ರಕಾರ, ಈ ನೋಟಿಸು ನಿಮಗೆ ತಲುಪಿದ ದಿನದಿಂದ 15 ದಿನಗಳು ಮುಗಿಯುತ್ತಲೇ ಕೊನೆಗೊಳಿಸಲಾಗಿದೆ. ಆ ಅವಧಿ ಮುಗಿದೊಡನೆ ಷೆಡ್ಯೂಲು ಸ್ವತ್ತನ್ನು ಖಾಲಿ ಮಾಡಿ ಸ್ವಾಧೀನವನ್ನು ವಹಿಸಿಕೊಡತಕ್ಕದ್ದು.’

ಒಂದೇ ಕಾಗದದಲ್ಲಿ ಎರಡನ್ನೂ ಮಾಡಬಹುದೇ ಎಂಬ ಅನುಮಾನ ಹಿಂದೆ ಇತ್ತು. ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ 1964ರಲ್ಲೇ ಸುಪ್ರೀಂ ಕೋರ್ಟು, ಬಾಕಿಯ ಬೇಡಿಕೆ ಮತ್ತು ಬಾಡಿಗೆಯ ಮುಕ್ತಾಯ ಎರಡೂ ಒಂದೇ ನೋಟಿಸಿನಲ್ಲಿ ಇರಬಹುದು ಎಂದು ಒಪ್ಪಿತು. ಎರಡೂ ಸ್ಪಷ್ಟವಾಗಿ ಕಾಣಿಸಿದರೆ ಸಾಕು.

ಹೀಗೆ ಬಿಡಿಸುವುದರಿಂದ ದೊಡ್ಡದೊಂದು ಲಾಭವಿದೆ. ನಮ್ಮ ಉದಾಹರಣೆಯ ಬಾಡಿಗೆದಾರರು ಕೊಡುವ ಉತ್ತರ ಊಹಿಸಲು ಕಷ್ಟವಲ್ಲ: ‘ನನ್ನ ಅಡ್ವಾನ್ಸ್ 1,50,000 ನಿಮ್ಮ ಹತ್ತಿರ ಇದೆ, ಬಾಕಿ 85,000. ಹಾಗಿದ್ದ ಮೇಲೆ ಬಾಕಿ ಎಲ್ಲಿ?’ ನೋಟಿಸು ಬಾಕಿಯೊಂದನ್ನೇ ಆಧಾರ ಮಾಡಿಕೊಂಡಿದ್ದರೆ ವಾದವಿವಾದ ಇದರ ಸುತ್ತಲೇ ಸುತ್ತುತ್ತದೆ. ಮುಕ್ತಾಯದ ಪ್ಯಾರಾ ತನ್ನ ಕಾಲ ಮೇಲೆ ತಾನು ನಿಂತಿದ್ದರೆ ಅಡ್ವಾನ್ಸಿನ ಪ್ರಶ್ನೆ ಹಣದ ಲೆಕ್ಕಕ್ಕಷ್ಟೇ ಸೀಮಿತವಾಗುತ್ತದೆ. ಸೆಕ್ಷನ್ 106 ಕಾರಣ ಕೇಳದಿರುವುದರಿಂದ, ಬಾಕಿ ಇದ್ದರೂ ಇಲ್ಲದಿದ್ದರೂ ಬಾಡಿಗೆ ಕೊನೆಗೊಂಡಿದೆ. ಆದರೂ ಅಡ್ವಾನ್ಸಿನ ಬಗ್ಗೆ ನೋಟಿಸು ಮೌನವಾಗಿರಬಾರದು. ಅದು ಭದ್ರತೆಗಾಗಿ ಇಟ್ಟ ಹಣ, ಮನೆ ಖಾಲಿ ಮಾಡಿದ ದಿನ ಬಾಕಿ ಕಳೆದು ಉಳಿದದ್ದನ್ನು ಮರಳಿಸಲು ಮಾಲಕಿ ಸಿದ್ಧ ಎಂದು ಬರೆದರೆ ಅವರ ನಡತೆ ನ್ಯಾಯವಾಗಿದೆ ಎಂಬುದಕ್ಕೂ ಅದು ಸಾಕ್ಷಿಯಾಗುತ್ತದೆ.

ಹದಿನೈದು ದಿನ ಎಣಿಸುವುದು ಹೇಗೆ?

ಮೊದಲು ಈ ಎಣಿಕೆ ಬಹಳ ಕಗ್ಗಂಟಾಗಿತ್ತು. ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಸರಿಯಾಗಿ ಮುಗಿಯಬೇಕಿತ್ತು. ಒಂದು ದಿನ ಆಚೀಚೆ ಆದರೂ ವರ್ಷಗಟ್ಟಲೆ ನಡೆದ ದಾವೆ ಬಿದ್ದುಹೋಗುತ್ತಿತ್ತು. 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ ಇದನ್ನು ಸರಳಗೊಳಿಸಿತು. ಈಗ ನೋಟಿಸು ತಲುಪಿದ ದಿನದಿಂದ 15 ದಿನ ಎಣಿಸಿದರೆ ಸಾಕು. ನೋಟಿಸಿನಲ್ಲಿ ಬರೆದ ಅವಧಿ ಕಡಿಮೆಯಾಗಿದ್ದರೂ, ಪೂರ್ತಿ 15 ದಿನ ಕಳೆದ ಮೇಲೆ ದಾವೆ ಹೂಡಿದ್ದರೆ, ಆ ಕೊರತೆಯೊಂದರಿಂದಲೇ ನೋಟಿಸು ಬಿದ್ದುಹೋಗುವುದಿಲ್ಲ.

ಫೆಬ್ರುವರಿ 10ರಂದು ಅಂಚೆಗೆ ಹಾಕಿದ ನೋಟಿಸು 13ರಂದು ತಲುಪಿತು ಎನ್ನೋಣ. ತಲುಪಿದ ದಿನ ಬಿಟ್ಟು ಎಣಿಸಿದರೆ 15ನೇ ದಿನ ಫೆಬ್ರುವರಿ 28. ಅಂದು ಬಾಡಿಗೆ ಮುಗಿಯುತ್ತದೆ. ಮಾರ್ಚ್ 1ರ ನಂತರ ದಾವೆ ಹೂಡಬಹುದು. ‘ಫೆಬ್ರುವರಿ 25ರೊಳಗೆ ಖಾಲಿ ಮಾಡಿ’ ಎಂದು ದಿನಾಂಕ ಬರೆದಿದ್ದರೆ 12 ದಿನವಷ್ಟೇ ಸಿಕ್ಕಂತಾಗುತ್ತಿತ್ತು. ತಿದ್ದುಪಡಿ ಅದನ್ನು ಕಾಪಾಡುತ್ತದೆ ನಿಜ, ಆದರೆ ವಾದಕ್ಕೆ ಎಡೆ ಕೊಡುವುದೇಕೆ? ‘ತಲುಪಿದ ದಿನದಿಂದ’ ಎಂದು ಬರೆಯುವುದೇ ಸುರಕ್ಷಿತ.

ಕರಾರಿನಲ್ಲಿ ಒಂದು ಅಥವಾ ಎರಡು ತಿಂಗಳ ನೋಟಿಸು ಎಂದು ಬರೆದಿದ್ದರೆ 15 ದಿನದ ನಿಯಮ ನಡೆಯುವುದಿಲ್ಲ, ಕರಾರಿನ ಮಾತೇ ನಡೆಯುತ್ತದೆ. ನಮ್ಮ ಉದಾಹರಣೆಯ ಕರಾರು ಈ ವಿಷಯದಲ್ಲಿ ಏನೂ ಹೇಳಿಲ್ಲ. ಹೇಳಿದ್ದರೆ, ಅವಧಿ ಮುಗಿದ ಕರಾರಾದರೂ, ಅದರಲ್ಲಿರುವ ದೀರ್ಘ ಅವಧಿಯನ್ನೇ ಕೊಡುವುದು ಒಳ್ಳೆಯದು. ಒಂದು ತಿಂಗಳು ಹೆಚ್ಚು ಕಾಯುವುದು, ಮುಂದೆ ಇದೇ ಅಂಶದ ಮೇಲೆ ಮೇಲ್ಮನವಿ ಎದುರಿಸುವುದಕ್ಕಿಂತ ಮೇಲು.

ಗಡುವಿನ ನಂತರದ ಹಣಕ್ಕೆ ಬೇರೆ ಹೆಸರು

ಮುಕ್ತಾಯದ ನಂತರ ಬಾಡಿಗೆದಾರ ಅಲ್ಲೇ ಉಳಿದರೆ ಅವರು ಕೊಡಬೇಕಾದದ್ದು ಬಾಡಿಗೆಯಲ್ಲ, ಜಾಗ ಬಳಸಿಕೊಂಡದ್ದಕ್ಕೆ ನಷ್ಟಪರಿಹಾರ. ನೋಟಿಸಿನ ಮುಂದಿನ ಪ್ಯಾರಾ ಇದನ್ನು ಹೇಳಬೇಕು. ಅದೇ ಬಡಾವಣೆಯಲ್ಲಿ ಅಂಥ ಮನೆಗೆ ಈಗ 22,000 ರೂಪಾಯಿ ಬಾಡಿಗೆ ನಡೆಯುತ್ತಿದ್ದರೆ, ಮಾರ್ಚ್ 1ರಿಂದ ಸ್ವಾಧೀನ ಕೊಡುವವರೆಗೆ ತಿಂಗಳಿಗೆ 22,000ದಂತೆ ನಷ್ಟಪರಿಹಾರ ಎಂದು ಬರೆಯಬಹುದು. ಹೆದರಿಸಲೆಂದು ದಿನಕ್ಕೆ ಐದು ಸಾವಿರ ಎಂದು ಬರೆದರೆ ಫಲವಿಲ್ಲ. ಆ ಪ್ರದೇಶದ ಬಾಡಿಗೆ ಎಷ್ಟಿತ್ತೆಂಬ ಪುರಾವೆಯನ್ನು ನ್ಯಾಯಾಲಯ ಕೇಳುತ್ತದೆ. 2004ರಲ್ಲಿ ಆತ್ಮಾರಾಮ್ ಪ್ರಾಪರ್ಟೀಸ್ ಮತ್ತು ಫೆಡರಲ್ ಮೋಟಾರ್ಸ್ ನಡುವಿನ ದೆಹಲಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತೆರವಿನ ಆದೇಶವಾದ ಮೇಲೆ ಮೇಲ್ಮನವಿ ಸಲ್ಲಿಸಿ ತಡೆಯಾಜ್ಞೆ ಬಯಸುವ ಬಾಡಿಗೆದಾರರಿಗೆ ಹಳೆಯ ಬಾಡಿಗೆಯ ಬದಲು ಮಾರುಕಟ್ಟೆ ದರದಲ್ಲಿ ಹಣ ಕಟ್ಟುವ ಷರತ್ತು ಹಾಕಬಹುದು ಎಂದಿತು. ಎಳೆದಾಡುತ್ತ ಹೋದರೆ ತಮಗೇ ದುಬಾರಿ ಎಂಬುದನ್ನು ಬಾಡಿಗೆದಾರರಿಗೆ ಈ ಪ್ಯಾರಾ ಮೊದಲೇ ತಿಳಿಸುತ್ತದೆ.

ಹೆಸರಿನ ಈ ವ್ಯತ್ಯಾಸವನ್ನು ನೋಟಿಸು ಕಳಿಸಿದ ನಂತರವೂ ಕಾಪಾಡಿಕೊಳ್ಳಬೇಕು. ಗಡುವು ಮುಗಿದ ಮೇಲಿನ ಬಾಡಿಗೆಯನ್ನು ಮಾಲೀಕರು ಬಾಡಿಗೆಯೆಂದೇ ಒಪ್ಪಿ ಪಡೆದರೆ ನೋಟಿಸನ್ನು ಬಿಟ್ಟುಕೊಟ್ಟಂತೆ ಎಂದು ಸೆಕ್ಷನ್ 113 ಉದಾಹರಣೆ ಸಮೇತ ಹೇಳುತ್ತದೆ. ಹಣ ಪಡೆದ ಮಾತ್ರಕ್ಕೆ ಹಾಗಾಗುವುದಿಲ್ಲ, ಬಾಡಿಗೆ ಮುಂದುವರಿಸುವ ಉದ್ದೇಶ ಇತ್ತೇ ಎಂದು ನೋಡಬೇಕು ಎಂದು 2006ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆ ಉದ್ದೇಶ ಇರಲಿಲ್ಲ ಎಂದು ತೋರಿಸಲು ಒಂದು ಚಿಕ್ಕ ಪತ್ರ ಸಾಕು. ಮಾರ್ಚ್‌ನಲ್ಲಿ ಬಾಡಿಗೆದಾರರು 18,000 ಹಾಕಿದರೆ ಮಾಲಕಿ ಅಂದೇ ‘ಈ ಹಣವನ್ನು ಬಾಕಿ ಮತ್ತು ನಷ್ಟಪರಿಹಾರದ ಲೆಕ್ಕಕ್ಕೆ, ನನ್ನ ನೋಟಿಸಿಗೆ ಬಾಧಕವಾಗದಂತೆ ಪಡೆದಿದ್ದೇನೆ’ ಎಂದು ಬರೆದು ಕಳಿಸಬೇಕು.

ಅದೇ ಸೆಕ್ಷನ್ನಿನ ಮತ್ತೊಂದು ಉದಾಹರಣೆ ಇನ್ನೂ ಮುಖ್ಯ. ಮೊದಲ ನೋಟಿಸಿನ ಅವಧಿ ಮುಗಿದ ಮೇಲೆ, ಬಾಡಿಗೆದಾರ ಎಂದೇ ಕರೆದು ಎರಡನೇ ನೋಟಿಸು ಕೊಟ್ಟರೆ ಮೊದಲನೆಯದನ್ನು ಬಿಟ್ಟುಕೊಟ್ಟಂತೆ. ‘ಇನ್ನೊಂದು ಸಲ ಕೊಟ್ಟು ನೋಡೋಣ’ ಎಂದು ನೋಟಿಸಿನ ಮೇಲೆ ನೋಟಿಸು ಕಳಿಸುತ್ತ ಹೋಗುವುದು ಅಪಾಯ. ಕಳಿಸಲೇಬೇಕಾಗಿ ಬಂದರೆ ಮೊದಲ ನೋಟಿಸನ್ನು ಉಳಿಸಿಕೊಂಡೇ, ಮುನ್ನೆಚ್ಚರಿಕೆಗಾಗಿ ಇದನ್ನು ಕೊಡುತ್ತಿದ್ದೇನೆ ಎಂದು ಅದರಲ್ಲೇ ಬರೆಯಬೇಕು.

ಏನನ್ನು ಬರೆಯಬಾರದು

ಕೊನೆಯ ಪ್ಯಾರಾ, ಪಾಲಿಸದಿದ್ದರೆ ಏನಾಗುತ್ತದೆ ಎಂಬುದು. ತೆರವು, ಬಾಕಿ ಮತ್ತು ನಷ್ಟಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡಲಾಗುವುದು, ಅದರ ಖರ್ಚಿಗೆ ನೀವೇ ಹೊಣೆ ಎಂದು ಹೇಳಿ ಮುಗಿಸಬೇಕು. ನೀರು ನಿಲ್ಲಿಸುತ್ತೇವೆ, ಕರೆಂಟು ಕಡಿಯುತ್ತೇವೆ, ಬೀಗ ಹಾಕುತ್ತೇವೆ, ಸಾಮಾನು ಬೀದಿಗೆ ಎಸೆಯುತ್ತೇವೆ ಎಂಬ ಮಾತು ಒಂದೂ ಬರಬಾರದು. ಬಾಡಿಗೆ ಕೊಡದವರನ್ನಾದರೂ ನ್ಯಾಯಾಲಯದ ಆದೇಶವಿಲ್ಲದೆ ಬಲವಂತವಾಗಿ ಹೊರಹಾಕುವಂತಿಲ್ಲ. ಹಾಗೆ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರಡಿ ಆರು ತಿಂಗಳೊಳಗೆ ದಾವೆ ಹೂಡಿ ಅವರು ಸ್ವಾಧೀನ ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ನೋಟಿಸಿನಲ್ಲಿ ಮಾಲೀಕರೇ ಬರೆದ ಬೆದರಿಕೆ ಬಾಡಿಗೆದಾರರ ಕೈಗೆ ಸಿಕ್ಕ ಲಿಖಿತ ಸಾಕ್ಷ್ಯವಾಗುತ್ತದೆ. ಅದನ್ನು ತೋರಿಸಿ ಅವರು ಮಾಲೀಕರ ವಿರುದ್ಧವೇ ತಡೆಯಾಜ್ಞೆ ತರಬಹುದು.

ತಲುಪಿಸಿದ್ದಕ್ಕೆ ಪುರಾವೆ

ಅಂಚೆಯಲ್ಲಿ ಕಳಿಸುವುದು, ಬಾಡಿಗೆದಾರರ ಕೈಗೇ ಕೊಡುವುದು, ಅವರ ಮನೆಯಲ್ಲಿ ಕುಟುಂಬದವರಿಗೆ ಅಥವಾ ಕೆಲಸದವರಿಗೆ ಕೊಡುವುದು, ಇದಾವುದೂ ಆಗದಿದ್ದರೆ ಆ ಸ್ವತ್ತಿನ ಎದ್ದುಕಾಣುವ ಜಾಗದಲ್ಲಿ ಅಂಟಿಸುವುದು: ಸೆಕ್ಷನ್ 106 ಒಪ್ಪುವ ದಾರಿಗಳು ಇವು. ಮೊದಲಿನಿಂದಲೂ ವಕೀಲರು ನೆಚ್ಚಿಕೊಂಡದ್ದು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟನ್ನು. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನಗೊಳಿಸಿದೆ. ಈಗ ಸ್ಪೀಡ್ ಪೋಸ್ಟ್ ಮಾಡುವಾಗಲೇ ನೋಂದಣಿ ಮತ್ತು ವಿತರಣೆಯ ಪುರಾವೆ ಬೇಕೆಂದು ಕೌಂಟರಿನಲ್ಲಿ ಕೇಳಿ ಪಡೆಯಬೇಕು. ಅಂಚೆಯ ರಸೀದಿ, ಟ್ರ್ಯಾಕಿಂಗ್ ಪುಟದ ಮುದ್ರಿತ ಪ್ರತಿ, ನೋಟಿಸಿನ ಸಹಿ ಮಾಡಿದ ಪ್ರತಿ ಮೂರನ್ನೂ ಒಂದೇ ಕಡತದಲ್ಲಿ ಇಡಬೇಕು. ವಾಟ್ಸ್‌ಆಪ್ ಮತ್ತು ಇಮೇಲ್‌ನಲ್ಲೂ ಕಳಿಸಬಹುದು, ಆದರೆ ಅಂಚೆಗೆ ಬದಲಾಗಿ ಅಲ್ಲ, ಅದರ ಜೊತೆಗೆ.

ಲಕೋಟೆ ಮರಳಿ ಬಂದರೆ ಅದನ್ನು ಒಡೆಯದೆ ಹಾಗೇ ಇಡಬೇಕು. ಅದರ ಮೇಲೆ ಅಂಚೆಯವರು ಬರೆದ ಷರಾ ತುಂಬ ಬೆಲೆಯುಳ್ಳದ್ದು. ‘ನಿರಾಕರಿಸಿದ್ದಾರೆ’ ಎಂದಿದ್ದರೆ ನೋಟಿಸು ತಲುಪಿದೆ, ಅದರಲ್ಲಿರುವುದೂ ಅವರಿಗೆ ತಿಳಿದಿದೆ ಎಂದೇ ಭಾವಿಸಲಾಗುತ್ತದೆ. ಉತ್ತರ ಪ್ರದೇಶದ ಬಾಡಿಗೆ ಪ್ರಕರಣವೊಂದರಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು ಹೀಗೆ ತೀರ್ಮಾನಿಸಿತು. ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ಕಟ್ಟಿ, ನೋಂದಾಯಿಸಿ ಕಳಿಸಿದ ಪತ್ರ ತಲುಪಿದೆ ಎಂಬ ಭಾವನೆಗೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ ಸೆಕ್ಷನ್ 27 ಬಲ ಕೊಡುತ್ತದೆ. ಆದರೆ ‘ವಿಳಾಸ ಅಪೂರ್ಣ’ ಎಂಬ ಷರಾ ಬಂದರೆ ಈ ಬಲ ಸಿಗದು. ಆಗ ವಿಳಾಸ ಸರಿಪಡಿಸಿ ಮತ್ತೆ ಕಳಿಸಬೇಕು, ಅಥವಾ ಬಾಗಿಲಿಗೆ ಅಂಟಿಸಿ ದಿನಾಂಕ ಕಾಣುವ ಫೋಟೊ ತೆಗೆದು, ಇಬ್ಬರು ನೆರೆಯವರ ಸಹಿ ಪಡೆಯಬೇಕು.

ಇಷ್ಟೆಲ್ಲ ಓದಿದ ಮೇಲೆ ಒಂದು ಪದ ತಪ್ಪಿದರೂ ಎಲ್ಲ ಮುಗಿಯಿತು ಎಂದು ಅಂಜಬೇಕಿಲ್ಲ. ತಪ್ಪು ಹುಡುಕಲೆಂದೇ ನೋಟಿಸನ್ನು ಓದಬಾರದು, ಸಾಮಾನ್ಯ ವಿವೇಕದಿಂದ ಅರ್ಥೈಸಬೇಕು ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೋಪಾನಿ ಇನ್ವೆಸ್ಟ್‌ಮೆಂಟ್ಸ್ ಪ್ರಕರಣದಲ್ಲಿ ಅದು ಇನ್ನೂ ಮುಂದೆ ಹೋಗಿ, ತೆರವಿನ ದಾವೆ ಹೂಡಿದ್ದನ್ನೇ ನೋಟಿಸೆಂದು ಪರಿಗಣಿಸಬಹುದು ಎಂದಿತು. ಅಕ್ಷರದ ಸಣ್ಣಪುಟ್ಟ ದೋಷಗಳನ್ನು ಈ ತೀರ್ಪುಗಳು ಮನ್ನಿಸುತ್ತವೆ. ಹಾಗೆಂದು ನೋಟಿಸು ಕೊಡದೆಯೇ ದಾವೆಗೆ ಹೊರಡುವುದು, ಸುಲಭವಾಗಿ ತಪ್ಪಿಸಬಹುದಾದ ಒಂದು ವಾದವನ್ನು ಎದುರಿನವರ ಕೈಗೆ ಕೊಟ್ಟು ಹೊರಟಂತೆ.

ನೋಟಿಸು ಪಡೆದವರಿಗೂ ಇದರಲ್ಲಿ ತಿಳಿಯಬೇಕಾದದ್ದಿದೆ. ನೋಟಿಸು ತೆರವಿನ ಆದೇಶವಲ್ಲ, 16ನೇ ದಿನ ಯಾರೂ ಬಂದು ಸಾಮಾನು ಹೊರಗಿಡುವಂತಿಲ್ಲ. ಆದರೆ ಉತ್ತರ ಕೊಡದೆ ಸುಮ್ಮನಿರುವುದು ಅವರಿಗೇ ನಷ್ಟ. ನಗದಾಗಿ ಕೊಟ್ಟ ಬಾಡಿಗೆ, ಮಾಲೀಕರು ಒಪ್ಪಿದ ಮೇಲೆ ತಾವು ಮಾಡಿಸಿದ ರಿಪೇರಿಯ ಖರ್ಚು ಏನಾದರೂ ಇದ್ದರೆ ಮೊದಲ ಉತ್ತರದಲ್ಲೇ ಬರೆಯಬೇಕು. ವರ್ಷ ಕಳೆದ ಮೇಲೆ ಸಾಕ್ಷಿ ಕಟಕಟೆಯಲ್ಲಿ ಮೊದಲ ಬಾರಿಗೆ ಹೇಳಿದರೆ ಅದನ್ನು ನಂಬಿಸುವುದು ಕಷ್ಟ.

ಬಾಡಿಗೆದಾರರು ಫೆಬ್ರುವರಿ 28ರಂದೇ ಬೀಗದ ಕೈ ಕೊಡಲು ಒಪ್ಪಿದರೆ ಇನ್ನೊಂದು ಕಾಗದ ಬೇಕು. ಅದರಲ್ಲಿ ಸ್ವಾಧೀನ ಮರಳಿಸಿದ ದಿನ, ಕೊಟ್ಟ ಕೀಲಿಕೈಗಳು, ಅಂದಿನ ವಿದ್ಯುತ್ ಮೀಟರಿನ ಅಂಕಿ, ಅಡ್ವಾನ್ಸಿನ ಲೆಕ್ಕ ಬರೆದು ಇಬ್ಬರೂ ಸಹಿ ಮಾಡಬೇಕು. ಬಾಕಿ ಬಾಡಿಗೆ 85,000, ಬಾಕಿ ವಿದ್ಯುತ್ ಬಿಲ್ಲು 3,200 ಎಂದಾದರೆ 1,50,000 ರೂಪಾಯಿಯಲ್ಲಿ ಬಾಡಿಗೆದಾರರಿಗೆ ಮರಳಬೇಕಾದದ್ದು 61,800. ಮಾಲಕಿ ಆ ಹಣವನ್ನು ಅಂದೇ ಬ್ಯಾಂಕ್ ಮೂಲಕ ಕಳಿಸಿ, ವರ್ಗಾವಣೆಯ ಸಂಖ್ಯೆಯನ್ನು ಅದೇ ಕಾಗದದಲ್ಲಿ ಬರೆಯಬೇಕು.